ಅಪ್ಪನ ಬಣ್ಣದ ವೇಷದ ವಿಡಿಯೋ ಪೂರ್ತಿ ಚೌಕ ಚೌಕ ಆಗಿದೆ, ಟಿವಿಯಲ್ಲಿ ನೋಡುವ ಹಾಗೆ ಮಾಡಬಹುದಾ?

ಕಟಪಾಡಿ_ಮನೆ
ಎಲ್ಲರಿಗೂ ನಮಸ್ತೆ. ನನ್ನ ಅಪ್ಪ ಹವ್ಯಾಸಿ ಯಕ್ಷಗಾನ ಕಲಾವಿದರು. 2016ರಲ್ಲಿ ಊರಿನ ಬಯಲಾಟದಲ್ಲಿ ಮಹಿಷಾಸುರ ಮಾಡಿದ್ದರು. ದೊಂದಿ ಬೆಳಕಲ್ಲಿ ಜನರ ನಡುವಿನಿಂದ ರಂಗಸ್ಥಳಕ್ಕೆ ಬರುತ್ತಾರಲ್ವಾ, ಅದನ್ನು ಯಾರೋ ಮೊಬೈಲಲ್ಲಿ ತೆಗೆದಿದ್ದರು. ಅಪ್ಪ ತೀರಿಕೊಂಡು ಎರಡು ವರ್ಷ ಆಗುತ್ತಾ ಬಂತು. ವೇಷದಲ್ಲಿ ಅವರು ಕುಣಿಯುವುದು ನಮ್ಮ ಹತ್ತಿರ ಇರುವುದು ಇದೊಂದೇ.

ವಿಡಿಯೋ 1 ನಿಮಿಷ 48 ಸೆಕೆಂಡು, ಬರೀ 3.1 ಎಂಬಿ. ಮೇಲೆ ಕೆಳಗೆ ದಪ್ಪ ಕಪ್ಪು ಪಟ್ಟಿ, ನಡುವೆ ಚಿಕ್ಕದಾಗಿ ಆಟ. ಮುಖದ ಚುಟ್ಟಿ ಕಾಣುವುದಿಲ್ಲ, ಕೆಂಪು ಬಟ್ಟೆ ಇಟ್ಟಿಗೆ ಜೋಡಿಸಿದ ಹಾಗಿದೆ. ಮೇಲೆ "ಹಲವು ಬಾರಿ ಫಾರ್ವರ್ಡ್ ಆಗಿದೆ" ಅಂತ ಗುರುತೂ ಇದೆ. ಒಂದು ಸ್ಟುಡಿಯೋದವರಿಗೆ ಕೊಟ್ಟೆ. ಅವರು ಮಸುಕು ಮಾಡಿ ಕೊಟ್ಟರು, ಚೌಕ ಹೋಯಿತು, ಜೊತೆಗೆ ಅಪ್ಪನ ಕಣ್ಣೂ ಹೋಯಿತು. ವರ್ಷದ ದಿನ ಮನೆಯವರೆಲ್ಲ ಸೇರುತ್ತಾರೆ, ಟಿವಿಯಲ್ಲಿ ಹಾಕಬೇಕು ಅಂತ ಆಸೆ. ನನಗೆ ಲ್ಯಾಪ್‌ಟಾಪ್ ಬಳಸಲು ಗೊತ್ತು, ಹಂತ ಹೇಳಿದರೆ ಮಾಡುತ್ತೇನೆ.

ನಿವೃತ್ತ_ಮೇಷ್ಟ್ರು
ಮಗಾ, ಅದು ಬ್ಲಾಕ್ ಆಗಿರುವುದು ಅಲ್ಲ. ಹಲವು ಬಾರಿ ಫಾರ್ವರ್ಡ್ ಆದದ್ದನ್ನು 2020ರಿಂದ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಕಳಿಸಲು ಬಿಡುತ್ತಾರೆ. ಒಬ್ಬೊಬ್ಬರಿಗೇ ಕಳಿಸು, ಹೋಗುತ್ತದೆ.

ಕಟಪಾಡಿ_ಮನೆ
ಮೇಷ್ಟ್ರೇ, ಕಳಿಸಲು ತೊಂದರೆ ಇಲ್ಲ. ಚಿತ್ರವೇ ಚೌಕ ಚೌಕವಾಗಿ ಒಡೆದಿದೆ. ಅದನ್ನು ಸರಿ ಮಾಡುವುದು ಹೇಗೆ ಅಂತ ಕೇಳಿದ್ದು.

ಮಲ್ಪೆ_ಗಾಳಿ
ಸುಲಭ ಉಂಟು ಮಾರಾಯ್ರೆ. ಯಾವುದಾದರೂ ಎಡಿಟಿಂಗ್ ಆಪ್‌ನಲ್ಲಿ ಶಾರ್ಪ್‌ನೆಸ್ ಜಾಸ್ತಿ ಮಾಡಿ, 1080ಕ್ಕೆ ಎಕ್ಸ್‌ಪೋರ್ಟ್ ಮಾಡಿ. ಹತ್ತು ಸಲ ಫಾರ್ವರ್ಡ್ ಆದರೆ ಹತ್ತು ಸಲ ಕಂಪ್ರೆಸ್ ಆಗಿರುತ್ತದೆ, ಶಾರ್ಪ್ ಮಾಡಿದರೆ ಹೋದದ್ದು ಸ್ವಲ್ಪ ವಾಪಸ್ ಬರುತ್ತದೆ.

ಎಡಿಟಿಂಗ್_ಟೇಬಲ್_ಕುಡ್ಲ
ಶಾರ್ಪ್ ಮಾಡಬೇಡಿ, ದಯವಿಟ್ಟು. ಶಾರ್ಪ್ ಮಾಡುವುದು ಅಂದರೆ ಅಂಚನ್ನು ಎದ್ದು ಕಾಣಿಸುವುದು. ಈ ಚಿತ್ರದಲ್ಲಿ ಎಲ್ಲಕ್ಕಿಂತ ಗಟ್ಟಿ ಅಂಚು ಇರುವುದು ಚೌಕಗಳಿಗೇ. ಮೊದಲು ಎದ್ದು ಬರುವುದೇ ಅವು.

ಇನ್ನೊಂದು ಮಾತು. ವಾಟ್ಸಾಪ್ ಒಳಗೇ ಫಾರ್ವರ್ಡ್ ಒತ್ತಿದರೆ ಸಾಮಾನ್ಯವಾಗಿ ಅದೇ ಫೈಲ್ ಮುಂದಕ್ಕೆ ಹೋಗುತ್ತದೆ, ಹೊಸದಾಗಿ ಕಂಪ್ರೆಸ್ ಆಗುವುದಿಲ್ಲ. ಅದಕ್ಕೇ ಕ್ಷಣದಲ್ಲಿ ಹೋಗುವುದು. ಆ ಗುರುತು ಎಷ್ಟು ಕೈ ದಾಟಿದೆ ಅಂತ ಮಾತ್ರ ಹೇಳುತ್ತದೆ, ಐದು ಅಥವಾ ಜಾಸ್ತಿ. ವಿಡಿಯೋ ಕೆಡುವುದು ಯಾರಾದರೂ ಗ್ಯಾಲರಿಗೆ ಇಳಿಸಿ ಮತ್ತೆ ಅಪ್‌ಲೋಡ್ ಮಾಡಿದಾಗ, ಸ್ಟೇಟಸ್‌ಗೆ ಹಾಕಿದಾಗ, ಕತ್ತರಿಸಿದಾಗ, ಸ್ಕ್ರೀನ್ ರೆಕಾರ್ಡ್ ಮಾಡಿದಾಗ, ಇನ್ನೊಂದು ಆಪ್‌ಗೆ ದಾಟಿಸಿದಾಗ. ನಿಮ್ಮದರಲ್ಲಿ ಕಪ್ಪು ಪಟ್ಟಿ ಇದೆ ಅಂದರೆ ಯಾರೋ ಯಾವುದೋ ಆಪ್‌ನಲ್ಲಿ ಅಡ್ಡ ವಿಡಿಯೋವನ್ನು ಉದ್ದ ಚೌಕಟ್ಟಿಗೆ ಹಾಕಿದ್ದಾರೆ. ಅಲ್ಲಿ ಎರಡು ಕೆಲಸ ಒಟ್ಟಿಗೆ ಆಗಿದೆ. ಚಿತ್ರ ಚಿಕ್ಕದಾಗಿದೆ, ಮತ್ತೆ ಕಂಪ್ರೆಸ್ ಆಗಿದೆ. ಚಿಕ್ಕದಾದದ್ದೇ ಇಲ್ಲಿ ಮುಖ್ಯ.

ಲ್ಯಾಪ್‌ಟಾಪ್‌ನಲ್ಲಿ ffmpeg ಅನ್ನುವ ವಿಡಿಯೋ ಟೂಲ್ ಹಾಕಿಕೊಂಡು, ವಿಡಿಯೋಗೆ aata.mp4 ಅಂತ ಹೆಸರಿಟ್ಟು ಇದನ್ನು ಓಡಿಸಿ ಏನು ಬರುತ್ತದೆ ಹೇಳಿ:

```
ffprobe -v error -select_streams v:0 -show_entries stream=codec_name,width,height -of default=nw=1 aata.mp4
```

ಪಡುಬಿದ್ರಿ_ಅಕ್ಕ
ನನ್ನ ತಂಗಿಯ ಮದುವೆ ವಿಡಿಯೋನೂ ಹೀಗೇ ಆಗಿತ್ತು. ಧಾರೆ ಎರೆಯುವಾಗ ಮಾವನ ಮುಖ ಪೂರ್ತಿ ಇಟ್ಟಿಗೆ. ಕೊನೆಗೆ ಕ್ಯಾಮೆರಾದವರ ಹಾರ್ಡ್ ಡಿಸ್ಕಲ್ಲಿ ಮೂಲ ಸಿಕ್ಕಿತು. ಮೊದಲು ಮೂಲ ಹುಡುಕಿ, ಆಮೇಲೆ ಈ ಕಮಾಂಡೆಲ್ಲ.

ಕಟಪಾಡಿ_ಮನೆ
ತೆಗೆದವರು ಯಾರು ಅಂತಲೇ ಗೊತ್ತಿಲ್ಲ ಅಕ್ಕ.

ಬಂದದ್ದು ಇದು:

```
codec_name=h264
width=480
height=848
```

ಎಡಿಟಿಂಗ್_ಟೇಬಲ್_ಕುಡ್ಲ
ಪಡುಬಿದ್ರಿ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ತೆಗೆದವರು ಸಿಗದಿದ್ದರೂ ನಡುವಿನ ಒಂದು ಕಾಪಿ ಸಿಗಬಹುದು. 2016ರಲ್ಲಿ ಫ್ಯಾಮಿಲಿ ಗ್ರೂಪಿಗೆ ಬಂದಿರಬೇಕಲ್ವಾ? ಹಳೇ ಆಂಡ್ರಾಯ್ಡ್ ಫೋನುಗಳಲ್ಲಿ WhatsApp Video ಫೋಲ್ಡರ್ ನೋಡಲು ಹೇಳಿ, ಅದರೊಳಗೆ Sent ಅನ್ನುವ ಫೋಲ್ಡರ್ ಕೂಡ. ಹೆಸರು VID-20160312-WA0007.mp4 ಈ ಥರ ಇರುತ್ತದೆ. ನಡುವಿನ ಅಂಕಿ ಆ ಫೋನಿಗೆ ಫೈಲ್ ಬಂದ ತಾರೀಕು. ತಾರೀಕು ಹಳೆಯದಾದಷ್ಟು ಮೂಲಕ್ಕೆ ಹತ್ತಿರ ಇರುವ ಸಾಧ್ಯತೆ ಜಾಸ್ತಿ. ಸಿಕ್ಕಿದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ವಿಡಿಯೋ ಆಗಿ ಅಲ್ಲ.

ಅಲ್ಲಿಯವರೆಗೆ ಇರುವುದನ್ನು ನೋಡುವ. ನಿಮ್ಮ ವಿಡಿಯೋದಲ್ಲಿ ಚೌಕಗಳ ಎರಡು ಬಲೆ ಹಾಸಿದೆ, ಒಂದರ ಮೇಲೆ ಒಂದು. ಕೊನೆಯ ಸಲ ಕಂಪ್ರೆಸ್ ಆದಾಗಿನ ಬಲೆ ಪೂರ್ತಿ ಚೌಕಟ್ಟಿನ ಎಡ ಮೇಲಿನ ಮೂಲೆಯಿಂದ 8, 16 ಪಿಕ್ಸೆಲ್ ಲೆಕ್ಕದಲ್ಲಿ ಶುರುವಾಗುತ್ತದೆ. ಎಚ್.264ರಲ್ಲಿ ಪ್ಲೇ ಆಗುವಾಗಲೇ ಈ ಬಲೆಯ ಗೆರೆಯನ್ನು ಸವರುವ ವ್ಯವಸ್ಥೆ ಇದೆ, ಹಾಗಾಗಿ ಅದು ಅಷ್ಟು ಕಾಡುವುದಿಲ್ಲ. ಕಾಡುವುದು ಅದರ ಹಿಂದಿನ ಬಲೆ. ಉದ್ದ ಚೌಕಟ್ಟಿಗೆ ಹಾಕುವಾಗ ಹಳೇ ಚೌಕಗಳು ಚಿತ್ರದ ಭಾಗವೇ ಆಗಿಹೋಗಿವೆ. ಆಪ್‌ಗೆ ಅದು ಅಪ್ಪನ ಕಿರೀಟದ ಅಂಚೋ, ಚೌಕದ ಅಂಚೋ ಗೊತ್ತಾಗುವುದಿಲ್ಲ, ಎರಡನ್ನೂ ಒಂದೇ ಥರ ಉಳಿಸಿಕೊಂಡಿದೆ. ಚಿತ್ರ ಚಿಕ್ಕದಾದ್ದರಿಂದ ಆ ಹಳೇ ಚೌಕ ಈಗ 8 ಪಿಕ್ಸೆಲ್ ಇಲ್ಲ. ಚೌಕದ ಗೆರೆ ಸವರುವ deblock ಫಿಲ್ಟರನ್ನು ಸುಮ್ನೆ 8ಕ್ಕೆ ಇಟ್ಟು ಓಡಿಸಿದರೆ ಅದು ತಪ್ಪು ಜಾಗದಲ್ಲಿ ಸವರುತ್ತದೆ. ಚೌಕ ಹಾಗೇ ಉಳಿಯುತ್ತದೆ, ಬೇರೆಲ್ಲ ಮಸುಕಾಗುತ್ತದೆ. ನಿಮ್ಮ ಸ್ಟುಡಿಯೋದವರು ಅದಕ್ಕೇ ಇಡೀ ಚಿತ್ರವನ್ನು ಮಸುಕು ಮಾಡಿ ಮುಗಿಸಿರಬೇಕು.

ಈಗ ಬೆಂಕಿ ಜೋರಾಗಿ ಕಾಣುವ ಒಂದು ಫ್ರೇಮ್ ತೆಗೆಯಿರಿ. 41ರ ಜಾಗದಲ್ಲಿ ನಿಮ್ಮ ಸೆಕೆಂಡು ಹಾಕಿ.

```
ffmpeg -ss 41 -i aata.mp4 -frames:v 1 chitra.png
```

ಗಿಂಪ್‌ನಲ್ಲಿ ತೆರೆದು 800% ಹಿಗ್ಗಿಸಿ. ಚಿತ್ರ ಯಾವ ಸಾಲಲ್ಲಿ ಶುರು, ಯಾವ ಸಾಲಲ್ಲಿ ಮುಗಿಯುತ್ತದೆ ಬರೆದುಕೊಳ್ಳಿ. ಆಮೇಲೆ ಆಕಾಶದಲ್ಲೋ ಪರದೆಯಲ್ಲೋ, ಬೇರೆ ಗೆರೆ ಇಲ್ಲದ ಕಡೆ, ಹತ್ತು ಚೌಕ ದಾಟಲು ಎಷ್ಟು ಪಿಕ್ಸೆಲ್ ಆಗುತ್ತದೆ ಎಣಿಸಿ. ಒಂದೇ ಚೌಕ ಎಣಿಸಿದರೆ ತಪ್ಪುತ್ತದೆ, ಹತ್ತು ಬೇಕು.

ಮಣಿಪಾಲ_ಹಾಸ್ಟೆಲ್
ಕಪ್ಪು ಪಟ್ಟಿ ಅಳೆಯಲು cropdetect ಇದೆಯಲ್ವಾ ಅಣ್ಣ, ಕೈಯಲ್ಲಿ ಯಾಕೆ?

ಎಡಿಟಿಂಗ್_ಟೇಬಲ್_ಕುಡ್ಲ
ಹಗಲಿನ ವಿಡಿಯೋ ಆದರೆ ಸರಿ. ಇದು ರಾತ್ರಿ ಆಟ. ಮೇಲಿನ ಆಕಾಶವೂ ಕಪ್ಪು, ಪಟ್ಟಿಯೂ ಕಪ್ಪು. ಅದು ಆಕಾಶವನ್ನೂ ಪಟ್ಟಿ ಅಂದುಕೊಳ್ಳುತ್ತದೆ. ಅದೂ ಅಲ್ಲದೆ ಸುಮ್ನೆ ಓಡಿಸಿದರೆ ಉತ್ತರವನ್ನು 16ರ ಲೆಕ್ಕಕ್ಕೆ ತಂದು ಕೊಡುತ್ತದೆ. ನಮಗೆ ಇಲ್ಲಿ ಒಂದೊಂದು ಸಾಲೂ ಬೇಕು.

ಚೆಂಡೆ_ಪೆಟ್ಟು
ವಿಷಯಕ್ಕೆ ಸಂಬಂಧ ಇಲ್ಲ, ಕ್ಷಮಿಸಿ. ಬಣ್ಣದ ವೇಷ ಬರುವಾಗಿನ ಚೆಂಡೆ ಕೇಳುತ್ತದಾ ಅದರಲ್ಲಿ? ಈಗೀಗ ಆ ಪ್ರವೇಶ ಐದು ನಿಮಿಷದಲ್ಲಿ ಮುಗಿಸುತ್ತಾರೆ. ಮೊದಲು ಗದ್ದೆಯ ಆ ಕಡೆಯಿಂದ ಆರ್ಭಟ ಕೇಳಿದರೆ ಸಾಕು, ಮಕ್ಕಳು ನಾವು ಅಮ್ಮನ ಸೆರಗಿನೊಳಗೆ.

ಕಟಪಾಡಿ_ಮನೆ
ಕೇಳುತ್ತದೆ. ಸ್ವಲ್ಪ ಒಡೆದ ಹಾಗೆ, ಆದರೆ ಅಪ್ಪನ ಆರ್ಭಟ ಸ್ಪಷ್ಟ ಇದೆ.

ಎಣಿಸಿದೆ. ಚಿತ್ರದ ಮೇಲೆ 292 ಸಾಲು ಕಪ್ಪು, ಚಿತ್ರ 264 ಸಾಲು, ಕೆಳಗೆ ಮತ್ತೆ 292. ಅಗಲ ಪೂರ್ತಿ 480. ಹತ್ತು ಚೌಕಕ್ಕೆ 60 ಪಿಕ್ಸೆಲ್ ಬಂತು. ಮೂರು ಕಡೆ ಎಣಿಸಿದೆ, ಒಂದು ಕಡೆ 59 ಅನ್ನಿಸಿತು. ಕೆಲವು ಕಡೆ ಚೌಕ ದೊಡ್ಡದು, 12ರ ಹಾಗೆ.

ಎಡಿಟಿಂಗ್_ಟೇಬಲ್_ಕುಡ್ಲ
ಎಷ್ಟು ಚೆನ್ನಾಗಿ ಎಣಿಸಿದ್ದೀರಿ. ಲೆಕ್ಕ ನೋಡಿ. 8 ಇದ್ದದ್ದು 6 ಆಗಿದೆ, 16 ಇದ್ದದ್ದು 12 ಆಗಿದೆ. ಅಂದರೆ ಮುಕ್ಕಾಲು. ಈಗಿನ 480ಕ್ಕೆ ಮುಕ್ಕಾಲಿನ ಲೆಕ್ಕ ಹಿಂದಕ್ಕೆ ಹಾಕಿದರೆ 640. 264ಕ್ಕೆ ಹಾಕಿದರೆ 352. ಆ ಕಾಲದಲ್ಲಿ ವಾಟ್ಸಾಪ್‌ನಲ್ಲಿ ಬರುತ್ತಿದ್ದ ಅಡ್ಡ ವಿಡಿಯೋಗಳಲ್ಲಿ 640x352 ತುಂಬಾ ಸಾಮಾನ್ಯ. ನಿಮ್ಮ ಚಿತ್ರ ಒಂದು ಕಾಲದಲ್ಲಿ ಹಾಗಿತ್ತು ಅಂತ ನನ್ನ ನಂಬಿಕೆ.

ಆ ಅಳತೆಗೆ ವಾಪಸ್ ಹಿಗ್ಗಿಸಿದರೆ ಹಳೇ ಬಲೆ ಮತ್ತೆ 8ರ ಮೇಲೆ ಕೂರುತ್ತದೆ. ಆಗ ಫಿಲ್ಟರ್‌ಗೆ ಗೆರೆ ಸಿಗುತ್ತದೆ.

ಮಣಿಪಾಲ_ಹಾಸ್ಟೆಲ್
ಆದರೆ deblock ಫಿಲ್ಟರ್‌ನಲ್ಲಿ block=6 ಅಂತಲೇ ಕೊಡಬಹುದು, 4ರಿಂದ 512ರವರೆಗೆ ಯಾವ ಪೂರ್ಣ ಸಂಖ್ಯೆಯೂ ನಡೆಯುತ್ತದೆ. ಹಿಗ್ಗಿಸುವುದು ಯಾಕೆ?

ಎಡಿಟಿಂಗ್_ಟೇಬಲ್_ಕುಡ್ಲ
ಇಲ್ಲಿ ಪೂರ್ಣ ಸಂಖ್ಯೆ ಬಂದದ್ದರಿಂದ ಅದೂ ನಡೆಯುತ್ತದೆ, ಒಪ್ಪುತ್ತೇನೆ. 720ರ ವಿಡಿಯೋ 480ಕ್ಕೆ ಇಳಿದಿದ್ದರೆ ಚೌಕ 5.33 ಪಿಕ್ಸೆಲ್ ಆಗುತ್ತಿತ್ತು. ಅದನ್ನು ಕೊಡಲು ಆಗುವುದಿಲ್ಲ, ಹಿಗ್ಗಿಸುವುದೊಂದೇ ದಾರಿ. ಇವರು ಹೇಗೂ ಟಿವಿಗೆ ದೊಡ್ಡದು ಮಾಡಬೇಕು, ಮೊದಲೇ ಮಾಡಿದರೆ ನಷ್ಟ ಇಲ್ಲ.

ಮಣಿಪಾಲ_ಹಾಸ್ಟೆಲ್
ನಾನು ಎರಡನ್ನೂ ಮಾಡಿ ಹೋಲಿಸುತ್ತಿದ್ದೆ. ಹಿಗ್ಗಿಸುವಾಗ ಗೆರೆಯೂ ಎರಡು ಪಿಕ್ಸೆಲ್‌ಗೆ ಹರಡುತ್ತದೆ, ಫಿಲ್ಟರ್‌ಗೆ ಅಷ್ಟು ಚೂಪಾಗಿ ಸಿಗುವುದಿಲ್ಲ.

ಎಡಿಟಿಂಗ್_ಟೇಬಲ್_ಕುಡ್ಲ
ಹರಡುತ್ತದೆ, ಹೌದು. ಅದಕ್ಕೇ ಹಳೇ ಬಲೆ ಸವರುವಾಗ ಫಿಲ್ಟರ್‌ನ strong ಬೇಕು, weak ಸಾಲುವುದಿಲ್ಲ. ಹೋಲಿಸಿ ನೋಡುವುದು ಒಳ್ಳೆಯದೇ.

ಕಟಪಾಡಿ_ಮನೆ
ನಾನು ನೆಟ್ಟಲ್ಲಿ ನೋಡಿ ಮೊದಲು ಕಪ್ಪು ಪಟ್ಟಿ ಕತ್ತರಿಸಿ, ಆಮೇಲೆ deblock ಹಾಕಿದೆ. ಏನೂ ವ್ಯತ್ಯಾಸ ಆಗಲಿಲ್ಲ. ಇನ್ನೂ ಹಾಳಾದ ಹಾಗೆ ಕಾಣುತ್ತದೆ.

```
ffmpeg -i aata.mp4 -vf "crop=480:264:0:292,deblock=block=8" out.mp4
```

ಎಡಿಟಿಂಗ್_ಟೇಬಲ್_ಕುಡ್ಲ
ತಪ್ಪು ಎಲ್ಲಿದೆ ಗೊತ್ತಾ? 292ನ್ನು 8ರಿಂದ ಭಾಗಿಸಿ, 36.5 ಬರುತ್ತದೆ. ಪಟ್ಟಿ ಕತ್ತರಿಸಿದಾಗ ಹೊಸ ಬಲೆ 4 ಪಿಕ್ಸೆಲ್ ಜಾರಿತು. ಹಳೇ ಬಲೆ ಇನ್ನೂ 6ರಲ್ಲೇ ಇದೆ. ಹಾಗಾಗಿ ಅಡ್ಡ ಗೆರೆಗಳಲ್ಲಿ ಫಿಲ್ಟರ್‌ಗೆ ಹೆಚ್ಚಿನ ಕಡೆ ಎರಡೂ ಸಿಗಲಿಲ್ಲ, ಚೌಕದ ನಡು ಹೊಟ್ಟೆಯನ್ನೇ ಸವರಿತು.

ಸರಿಯಾದ ಕ್ರಮ ಇದು. ಮೊದಲು ಪಟ್ಟಿ ಇರುವಾಗಲೇ ಹೊಸ ಬಲೆಯನ್ನು ಮೆಲ್ಲಗೆ ಸವರಬೇಕು. ಆಮೇಲೆ ಪಟ್ಟಿ ಕತ್ತರಿಸಬೇಕು. ಆಮೇಲೆ 640x352ಕ್ಕೆ ಹಿಗ್ಗಿಸಿ, ಕೊನೆಗೆ ಹಳೇ ಬಲೆಯನ್ನು ಜೋರಾಗಿ ಸವರಬೇಕು. ಕೊನೆಗೆ ಹಾಕಿದ ಬಲೆ ಮೊದಲು, ಮೊದಲು ಹಾಕಿದ್ದು ಕೊನೆಗೆ.

```
ffmpeg -i aata.mp4 -vf "deblock=filter=weak:block=8,crop=480:264:0:292,scale=640:352,deblock=filter=strong:block=8:alpha=0.07" -c:v libx264 -crf 17 -preset slow -c:a copy tv1.mp4
```

alpha ಅಂದರೆ ಎಷ್ಟು ದೊಡ್ಡ ಅಂಚನ್ನು ಚೌಕದ ಗೆರೆ ಅಂತ ನಂಬಬೇಕು ಅನ್ನುವುದು. ಹೇಳದೆ ಬಿಟ್ಟರೆ 0.098. ಜಾಸ್ತಿ ಕೊಟ್ಟಷ್ಟೂ ಜಾಸ್ತಿ ಸವರುತ್ತದೆ. ಚುಟ್ಟಿಯ ಬಿಳಿ ಚುಕ್ಕಿ ಕಪ್ಪು ಮುಖದ ಮೇಲೆ ಇರುತ್ತದಲ್ವಾ, ಅದು ದೊಡ್ಡ ಅಂಚು. alpha ಏರಿಸಿದರೆ ಅದೂ ಹೋಗುತ್ತದೆ. 0.07ರಿಂದ ಶುರು ಮಾಡಿ, ಮುಖ ನೋಡಿಕೊಂಡು ಏರಿಸಿ. ಆಕಾಶ ನೋಡಿಕೊಂಡು ಏರಿಸಬೇಡಿ.

-crf 17 ಯಾಕೆ ಅಂದರೆ ಇನ್ನೊಂದು ಸಲ ಹೊಸ ಚೌಕ ಹುಟ್ಟಬಾರದು. ಫೈಲ್ ದೊಡ್ಡದಾಗುತ್ತದೆ, ಆಗಲಿ.

ಮಲ್ಪೆ_ಗಾಳಿ
ಒಂದು ಸಲಕ್ಕೆ ನಾನು ಹೇಳಿದ್ದು ತಪ್ಪು ಅಂತಾಯಿತು. ಆದರೂ ಎಲ್ಲ ಆದ ಮೇಲೆ ಕೊನೆಗೆ ಸ್ವಲ್ಪ ಶಾರ್ಪ್ ಮಾಡಬಹುದಲ್ವಾ?

ಎಡಿಟಿಂಗ್_ಟೇಬಲ್_ಕುಡ್ಲ
ಎಲ್ಲಕ್ಕಿಂತ ಕೊನೆಗೆ, ತುಂಬಾ ಕಡಿಮೆ, ಆಗಬಹುದು. ಈ ವಿಡಿಯೋಗೆ ನಾನಂತೂ ಹಾಕುವುದಿಲ್ಲ. ಟಿವಿಯೇ ತನ್ನ ಶಾರ್ಪ್‌ನೆಸ್ ಹಾಕುತ್ತದೆ. ಟಿವಿ ಸೆಟ್ಟಿಂಗಿಗೆ ಹೋಗಿ ಅದನ್ನೇ ಇಳಿಸಬೇಕು.

ಕಟಪಾಡಿ_ಮನೆ
ಈಗ ವ್ಯತ್ಯಾಸ ಗೊತ್ತಾಯಿತು! ಹಿಂದಿನ ಪರದೆ, ನೆಲ, ಭಾಗವತರ ಅಂಗಿ ಎಲ್ಲ ಒಂದೇ ಸಮ ಆಯಿತು. ಅಪ್ಪನ ಹಣೆ, ಮೂಗಿನ ಮೇಲಿನ ಉಂಡೆ ಗೊತ್ತಾಗುತ್ತದೆ. ಮಣಿಪಾಲದವರು ಹೇಳಿದ ಹಾಗೆ block=6 ಕೂಡ ಮಾಡಿದೆ, ನನ್ನ ಕಣ್ಣಿಗೆ ಎರಡೂ ಒಂದೇ. ಆದರೆ ಕೆಂಪು ಬಟ್ಟೆ ಹಾಗೇ ಉಳಿದಿದೆ. ದೊಡ್ಡ ದೊಡ್ಡ ಕೆಂಪು ಚೌಕ.

ಮಣಿಪಾಲ_ಹಾಸ್ಟೆಲ್
ಅದು ಬಣ್ಣದ ಲೆಕ್ಕ. ಫೋನಿನ ವಿಡಿಯೋದಲ್ಲಿ ಬೆಳಕು ನೆರಳನ್ನು ಪೂರ್ತಿ ಅಳತೆಯಲ್ಲಿ ಇಟ್ಟು, ಬಣ್ಣವನ್ನು ಅಗಲದಲ್ಲೂ ಎತ್ತರದಲ್ಲೂ ಅರ್ಧಕ್ಕೆ ಇಳಿಸಿ ಇಟ್ಟಿರುತ್ತಾರೆ. ಹಾಗಾಗಿ ಬಣ್ಣದ ಒಂದು ಚೌಕ ಪರದೆಯಲ್ಲಿ ಎರಡರಷ್ಟು ದೊಡ್ಡದಾಗಿ ಕಾಣುತ್ತದೆ. ಗಾಢ ಕೆಂಪಿನಲ್ಲಿ ಬೆಳಕಿನ ಭಾಗ ಕಡಿಮೆ, ಎಲ್ಲ ಬಣ್ಣದ ಮೇಲೇ ನಿಂತಿದೆ. ಅದಕ್ಕೇ ಕೆಂಪು ಮೊದಲು ಹಾಳಾಗುವುದು. ಬೆಳಕಿಗೊಂದು, ಬಣ್ಣಕ್ಕೊಂದು ಬೇರೆ ಬೇರೆ ಜೋರು ಕೊಡಿ. ಕೊನೆಯ deblock ಇದ್ದ ಜಾಗದಲ್ಲಿ ಇದನ್ನು ಹಾಕಿ:

```
deblock=filter=strong:block=8:alpha=0.07:planes=1,deblock=filter=strong:block=8:alpha=0.16:planes=6
```

planes=1 ಬೆಳಕು, planes=6 ಎರಡು ಬಣ್ಣ. ಬಣ್ಣವನ್ನು ಜೋರಾಗಿ ಸವರಿದರೆ ಕಣ್ಣಿಗೆ ಅಷ್ಟು ಗೊತ್ತಾಗುವುದಿಲ್ಲ, ಚುಟ್ಟಿಗೂ ಪೆಟ್ಟಾಗುವುದಿಲ್ಲ, ಯಾಕೆಂದರೆ ಅದು ಕಪ್ಪು ಬಿಳುಪು.

ಎಡಿಟಿಂಗ್_ಟೇಬಲ್_ಕುಡ್ಲ
ಇದು ನನಗೆ ಹೊಳೆದಿರಲಿಲ್ಲ. ಒಳ್ಳೆಯ ಉಪಾಯ. ಕೆಂಪು ಅಂಚಿನಿಂದ ಆಚೆ ಸ್ವಲ್ಪ ಹರಡಬಹುದು, ಸೊಂಟದ ಹತ್ತಿರ ನೋಡಿ. ಹರಡಿದರೆ 0.12ಕ್ಕೆ ಇಳಿಸಿ.

ನಿವೃತ್ತ_ಮೇಷ್ಟ್ರು
ಈಗ ಅರ್ಥ ಆಯಿತು ಮಗಾ. ನಮ್ಮ ಮನೆಯಲ್ಲಿ ಹಳೇ ಫೋನುಗಳು ಮೂರು ಉಂಟು. ನಾನು ಆ ಕಾಲದಲ್ಲಿ ಸುತ್ತಲಿನ ಆಟಕ್ಕೆಲ್ಲ ಹೋಗುತ್ತಿದ್ದೆ. ನಿಮ್ಮೂರಿನ ಆಟ ಯಾವ ತಿಂಗಳು?

ಕಟಪಾಡಿ_ಮನೆ
ಮಾರ್ಚ್, ಮೇಷ್ಟ್ರೇ. ದಯವಿಟ್ಟು ನೋಡಿ.

ಪಡುಬಿದ್ರಿ_ಅಕ್ಕ
ಹಳೇ ಫೋನ್ ಚಾರ್ಜ್‌ಗೆ ಹಾಕುವ ಮೊದಲು ಬ್ಯಾಟರಿ ಉಬ್ಬಿದೆಯಾ ನೋಡಿ ಮೇಷ್ಟ್ರೇ. ಉಬ್ಬಿದ್ದರೆ ಚಾರ್ಜ್‌ಗೆ ಹಾಕಲೇಬೇಡಿ.

ಚೆಂಡೆ_ಪೆಟ್ಟು
ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲು ಗೆರೆ ಇರುತ್ತದಲ್ವಾ ಇಂಥ ವಿಡಿಯೋದಲ್ಲಿ? ನನ್ನ ಹತ್ತಿರ ಇರುವ ಹಳೇ ಆಟಗಳಲ್ಲೆಲ್ಲ ಹಾಗೇ. ಅದು ಹೋಗುತ್ತದಾ?

ಎಡಿಟಿಂಗ್_ಟೇಬಲ್_ಕುಡ್ಲ
ಅದಕ್ಕೆ deblock ಆದ ಮೇಲೆ gradfun ಅಂತ ಸೇರಿಸಿ, ಬೇಕಾದರೆ ಮೇಲಿನಿಂದ noise=alls=4:allf=t. ಸಣ್ಣ ಕಾಳು ಉದುರಿಸಿದ ಹಾಗೆ ಕಾಣುತ್ತದೆ. ಅದು ಉಳಿದ ಚೌಕಗಳನ್ನೂ ಮರೆಸುತ್ತದೆ.

ಮಣಿಪಾಲ_ಹಾಸ್ಟೆಲ್
ಇದಕ್ಕೆ ನನ್ನ ವಿರೋಧ ಇದೆ. ಆ ಕಾಳು ಹಾಕಿದ ವಿಡಿಯೋವನ್ನು ಯಾರಾದರೂ ಮತ್ತೆ ವಾಟ್ಸಾಪ್‌ನಲ್ಲಿ ಹಾಕಿದರೆ ಇರುವ ಬಿಟ್ಟೆಲ್ಲ ಕಾಳಿಗೇ ಖರ್ಚಾಗುತ್ತದೆ, ಮೊದಲಿಗಿಂತ ಜಾಸ್ತಿ ಚೌಕ ಬರುತ್ತದೆ. ಮನೆಯವರೆಲ್ಲ ಸೇರಿದ ದಿನ ಯಾರೂ ಕೇಳದೆ ಇರುತ್ತಾರಾ?

ಎಡಿಟಿಂಗ್_ಟೇಬಲ್_ಕುಡ್ಲ
ಹಾಗಾದರೆ ಎರಡು ಕಾಪಿ. ಕಾಳು ಇರುವುದು ಪೆನ್‌ಡ್ರೈವ್‌ನಲ್ಲಿ ಟಿವಿಗೆ ಮಾತ್ರ. ಕಾಳು ಇಲ್ಲದ್ದು ಹಂಚಲು, ಅದೂ ಡಾಕ್ಯುಮೆಂಟ್ ಆಗಿ. ಟಿವಿಯಲ್ಲಿ ಕಾಳು ಇಲ್ಲದೆ ಆಕಾಶ ಪ್ಲಾಸ್ಟಿಕ್ ಹಾಗೆ ಕಾಣುತ್ತದೆ, ಅದನ್ನು ನಾನು ಬಿಟ್ಟುಕೊಡುವುದಿಲ್ಲ.

ಕಟಪಾಡಿ_ಮನೆ
ಕೆಂಪು ಸರಿಯಾಯಿತು, 0.12ರಲ್ಲಿ ನಿಲ್ಲಿಸಿದೆ. ಇನ್ನೊಂದೇ ತೊಂದರೆ. 1:10ರಿಂದ 1:16ರವರೆಗೆ ಅಪ್ಪ ಧೀಂಗಿಣ ಹೊಡೆಯುತ್ತಾರೆ. ಅಲ್ಲಿ ಏನು ಮಾಡಿದರೂ ಬಣ್ಣದ ಮುದ್ದೆ ತಿರುಗಿದ ಹಾಗಿದೆ. alpha 0.2 ಮಾಡಿದೆ, hqdn3d ಹಾಕಿದೆ. ಹಾಕಿದ ಮೇಲೆ ಕೈ ಎರಡೆರಡು ಕಂಡವು.

ಎಡಿಟಿಂಗ್_ಟೇಬಲ್_ಕುಡ್ಲ
hqdn3d ತೆಗೆಯಿರಿ. ಅದು ಹಿಂದಿನ ಫ್ರೇಮನ್ನು ಈಗಿನದಕ್ಕೆ ಬೆರೆಸುತ್ತದೆ, ಅದಕ್ಕೇ ಕೈ ಎರಡು ಕಂಡದ್ದು. ನಿಂತ ದೃಶ್ಯಕ್ಕೆ ಮಾತ್ರ ಅದು ಸರಿ.

ನಿಮ್ಮ ಫೈಲ್‌ನಲ್ಲಿ ಸೆಕೆಂಡಿಗೆ ಸುಮಾರು 230 ಕಿಲೋಬಿಟ್ ಮಾತ್ರ ಇದೆ, ಅದರಲ್ಲಿ ಚೆಂಡೆಯ ಪಾಲೂ ಸೇರಿತು. ನಿಂತಲ್ಲಿ ನಿಂತಾಗ ಹಿಂದಿನ ಫ್ರೇಮಿನಿಂದ ಎರವಲು ಪಡೆದು ನಡೆಯುತ್ತದೆ. ಧೀಂಗಿಣದಲ್ಲಿ ಪ್ರತಿ ಫ್ರೇಮೂ ಹೊಸತು, ಎರವಲು ಪಡೆಯಲು ಏನೂ ಇಲ್ಲ. ಆಗ ವಿವರವನ್ನೇ ಎಸೆದಿದ್ದಾರೆ. ಗೆರೆ ಸವರಬಹುದು, ಗೆರೆಯ ಒಳಗೆ ಇಲ್ಲದ್ದನ್ನು ತರಲು ಆಗುವುದಿಲ್ಲ. ಆ ಆರು ಸೆಕೆಂಡಿಗೆ ನನ್ನ ಹತ್ತಿರ ಬೇರೆ ದಾರಿ ಇಲ್ಲ.

ಟಿವಿಯಲ್ಲಿ ಪೂರ್ತಿ ಪರದೆ ತುಂಬಿಸಬೇಡಿ. 1280x704ಕ್ಕೆ ಸರಿಯಾಗಿ ಎರಡು ಪಟ್ಟು ಮಾಡಿ, ಸುತ್ತ ಕಪ್ಪು ಜಾಗ ಬಿಟ್ಟು 1080ರ ನಡುವೆ ಕೂರಿಸಿ. ದೂರದಿಂದ ನೋಡುವಾಗ ಕಣ್ಣೇ ಅರ್ಧ ಸರಿ ಮಾಡಿಕೊಳ್ಳುತ್ತದೆ.

ನಿವೃತ್ತ_ಮೇಷ್ಟ್ರು
ಮಗಾ, ಎರಡನೇ ಫೋನಿನಲ್ಲಿ ಸಿಕ್ಕಿತು. ಹೆಸರಲ್ಲಿ 201603 ಅಂತಲೇ ಇದೆ. ಬ್ಯಾಟರಿ ಸರಿ ಇತ್ತು. ಆದರೆ 40 ಸೆಕೆಂಡು ಮಾತ್ರ ಇದೆ, ಯಾರೋ ಕತ್ತರಿಸಿ ಕಳಿಸಿದ್ದು. ದೊಂದಿ ಹಿಡಿದು ಬರುವುದರಿಂದ ರಂಗಸ್ಥಳ ಹತ್ತುವವರೆಗೆ. ಮೊಮ್ಮಗ ಡಾಕ್ಯುಮೆಂಟ್ ಮಾಡಿ ನಿನಗೆ ಕಳಿಸಿದ್ದಾನೆ.

ಕಟಪಾಡಿ_ಮನೆ
ಮೇಷ್ಟ್ರೇ, ಏನು ಹೇಳಬೇಕು ತಿಳಿಯುತ್ತಿಲ್ಲ. ಚುಟ್ಟಿಯ ಒಂದೊಂದು ಚುಕ್ಕಿಯೂ ಕಾಣುತ್ತದೆ. ಅಮ್ಮ ನಾಲ್ಕು ಸಲ ನೋಡಿದರು.

ffprobe ಓಡಿಸಿದೆ. 640, 352. ಎಡಿಟಿಂಗ್ ಟೇಬಲ್ ಅಣ್ಣ, ನಿಮ್ಮ ಲೆಕ್ಕ ಸರಿ ಇತ್ತು. 40 ಸೆಕೆಂಡಿಗೇ 3.5 ಎಂಬಿ ಇದೆ.

ಎಡಿಟಿಂಗ್_ಟೇಬಲ್_ಕುಡ್ಲ
ಅಂದರೆ ಸೆಕೆಂಡಿಗೆ ಸುಮಾರು 700, ಮೂರು ಪಟ್ಟು. ಅದಕ್ಕೆ deblock weak ಸಾಕು, ಅಥವಾ ಬೇಡವೇ ಬೇಡ. ಮೊದಲ 40 ಸೆಕೆಂಡು ಇದನ್ನು ಇಟ್ಟು, ಉಳಿದದ್ದು ನಿಮ್ಮ ಸರಿ ಮಾಡಿದ ಕಾಪಿಯಿಂದ ಜೋಡಿಸಿ. ಧ್ವನಿ ಪೂರ್ತಿ ಒಂದೇ ಕಾಪಿಯದು ಇಡಿ, ಇಲ್ಲದಿದ್ದರೆ ಜೋಡಿಸಿದಲ್ಲಿ ಚೆಂಡೆ ತಪ್ಪುತ್ತದೆ.

ಚೆಂಡೆ_ಪೆಟ್ಟು
ಧೀಂಗಿಣ ಇರುವ ಕಾಪಿ ನನ್ನ ಹಳೇ ಮೆಮೊರಿ ಕಾರ್ಡಲ್ಲಿ ಇದೆಯಾ ನೋಡುತ್ತೇನೆ. 2016ರ ಮಾರ್ಚ್ ಅಂದಿರಲ್ವಾ? ಕಾರ್ಡ್ ಕಾಪುವಿನ ಮನೆಯಲ್ಲಿದೆ, ಭಾನುವಾರ ಹೋಗುತ್ತೇನೆ.

ಕಟಪಾಡಿ_ಮನೆ
ಹೌದು, ಮಾರ್ಚ್. ಕಿರೀಟದ ಎಡ ಬದಿಯಲ್ಲಿ ಒಂದು ದೊಡ್ಡ ಹಸಿರು ಕಲ್ಲು ಇದೆ, ಅದು ಕಂಡರೆ ಅಪ್ಪನೇ. ಭಾನುವಾರದವರೆಗೆ ಜೋಡಿಸದೆ ಕಾಯುತ್ತೇನೆ.